ಶೇ. 91ರ ಹೊರಗೆ ನಿಂತವರು

ಪ್ರತಿ ಮೇ ತಿಂಗಳು ನಮ್ಮ ಕಾಲೇಜಿನಲ್ಲಿ ಒಂದು ಹಬ್ಬ ನಡೆಯುತ್ತದೆ. ಹತ್ತು ಸ್ಲೈಡುಗಳ ಒಂದು ಪಿಪಿಟಿ ಮಾಡಿಕೊಂಡು ಹೋಗಿ, ಆಡಳಿತ ಮಂಡಳಿಯ ಮುಂದೆ ನಿಂತು, ವರ್ಷವಿಡೀ ನಾವು ಏನು ಸಾಧಿಸಿದೆವು ಎಂದು ನಾವೇ ಹೇಳಬೇಕು. ಸ್ವಮೌಲ್ಯಮಾಪನ ಎಂದು ಅದರ ಹೆಸರು. ನಿಯಮ ಎರಡೇ. ಪ್ರತಿ ಸಾಧನೆಗೂ ಒಂದು ಅಂಕಿ ಇರಬೇಕು, ಪ್ರತಿ ಅಂಕಿಗೂ ಒಂದು ಪುರಾವೆ ಇರಬೇಕು. ನಾನು ಗೋಕಾಕ ಸೀಮೆಯ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮಕ್ಕಳಿಗೆ ಹೇಳಿಕೊಟ್ಟವನು. ಅದೇ ನಾನು ಹೋದ ವರ್ಷದ ಮೇ ತಿಂಗಳಲ್ಲಿ ಸೊಗಸಾಗಿ ತುಳುಕಿ ಬಂದೆ.

ನನ್ನ ಮೂರನೆಯ ಸ್ಲೈಡು ಹೀಗಿತ್ತು: ಬಿ.ಎ. ಮೂರನೆಯ ಸೆಮಿಸ್ಟರ್ ಕನ್ನಡ, ಹಿಂದಿನ ವರ್ಷದ ಫಲಿತಾಂಶ ಶೇ. 86, ಈ ವರ್ಷ ಶೇ. 91. ಕೆಳಗೆ ಫಲಿತಾಂಶ ಪಟ್ಟಿಯ ಸಹಿ ಮೊಹರು ಇರುವ ಪ್ರತಿ. ಹಸಿರು ಬಣ್ಣದ ಬಾಣವೊಂದು ಮೇಲಕ್ಕೆ ಏರಿತ್ತು. ಮಂಡಳಿಯ ಹಿರಿಯರೊಬ್ಬರು ಮೇಜು ತಟ್ಟಿದರು. ನನಗೆ 'ಅತ್ಯುತ್ತಮ' ಎಂಬ ಶ್ರೇಣಿ ಬಂತು.

ಅದಾಗಿ ವಾರವಿರಬಹುದು. ಊರಿಗೆ ಬಂದಿದ್ದ ನೆಂಟರ ಕೈಗೆ ಕೊಟ್ಟು ಕಳಿಸಲು ಕರದಂಟು ಕೊಳ್ಳಲು ಅಂಗಡಿಗೆ ಹೋದೆ. ಡಬ್ಬಿಗೆ ಚೀಟಿ ಅಂಟಿಸುತ್ತಿದ್ದ ಹುಡುಗಿ ತಲೆ ಎತ್ತಿ ನಕ್ಕಳು. ನಮ್ಮ ಕ್ಲಾಸಿನವಳು. ಯಾಕವ್ವಾ, ಪರೀಕ್ಷೆಗೆ ಕಾಣಲೇ ಇಲ್ಲವಲ್ಲ ಎಂದೆ. ಆಕೆ ಸಿಟ್ಟಿಲ್ಲದೆ, ನೆನಪು ಮಾಡಿಕೊಡುವವಳ ಹಾಗೆ ಅಂದಳು: "ನೀವ ಹೇಳಿದ್ರಲ್ರೀ ಸರ್, ಈ ಸಲ ಬ್ಯಾಡ, ಮುಂದಿನ ಸಲ ಬರೀ ಅಂತ."

ಹೌದು, ಹೇಳಿದ್ದೆ. ಪರೀಕ್ಷೆಯ ಅರ್ಜಿ ತುಂಬುವ ವಾರ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದಾಗ, ಬರೆದರೆ ನಪಾಸಾಗುವರು ಎಂದು ನನಗೆ ತೋಚಿದ ಇಬ್ಬರಿಗೆ ಹಾಗೆ ಹೇಳಿದ್ದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಆಗ ನಂಬಿದ್ದೆ ಕೂಡ. ಮನೆಗೆ ಬಂದು ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದೆ.

ಆ ವರ್ಷ ತರಗತಿಗೆ ಸೇರಿದವರು 64 ಜನ. ಪರೀಕ್ಷೆಗೆ ಕೂತವರು 53. ಪಾಸಾದವರು 48. 53ಕ್ಕೆ 48 ಎಂದರೆ ಶೇ. 91. ಅದರ ಹಿಂದಿನ ವರ್ಷ ಸೇರಿದವರು 60, ಕೂತವರು 58, ಪಾಸಾದವರು 50. 58ಕ್ಕೆ 50 ಎಂದರೆ ಶೇ. 86. ನನ್ನ ಸ್ಲೈಡಿನಲ್ಲಿ ಒಂದಂಕಿಯೂ ಸುಳ್ಳಿರಲಿಲ್ಲ. ಆದರೆ ಕೂತವರ ಬದಲು ಸೇರಿದವರನ್ನು ಕೆಳಗಿಟ್ಟು ಭಾಗಿಸಿದರೆ ಹಿಂದಿನ ವರ್ಷ 60ಕ್ಕೆ 50, ಶೇ. 83. ನಾನು ಮೇಜು ತಟ್ಟಿಸಿಕೊಂಡ ವರ್ಷ 64ಕ್ಕೆ 48, ಶೇ. 75. ಹಸಿರು ಬಾಣ ಕೆಳಕ್ಕೆ ಇಳಿಯಬೇಕಿತ್ತು. ತರಗತಿ ಬಡವಾದಷ್ಟೂ ನನ್ನ ಅಂಕಿ ಕೊಬ್ಬಿತ್ತು. ಉಳಿದ 11 ಜನರಲ್ಲಿ ಕೆಲವರಿಗೆ ಮದುವೆಯಾಗಿತ್ತು, ಕೆಲವರು ಕಬ್ಬಿನ ಹಂಗಾಮು ಶುರುವಾದ ಮೇಲೆ ಮನೆಯವರ ಜೊತೆ ಗದ್ದೆಗೆ ಹೋಗಿದ್ದರು, ಕೆಲವರಿಗೆ ಹಾಜರಿ ಸಾಲದೆ ಹಾಲ್ ಟಿಕೆಟ್ ಬಂದಿರಲಿಲ್ಲ. ಇಬ್ಬರನ್ನು ಮಾತ್ರ ನಾನೇ ಹೊರಗೆ ಕಳಿಸಿದ್ದೆ.

ಈ ಬರಹ ನನ್ನ ತಪ್ಪೊಪ್ಪಿಗೆಯಷ್ಟೇ ಆಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನಾನು ಜಗಳಕ್ಕೆ ನಿಂತಿರುವುದು ಇಬ್ಬರ ಜೊತೆ. ಅಂಕಿಯನ್ನು ಹೀಗೆ ಕೇಳುವವರ ಜೊತೆ ಒಂದು. ಅಂಕಿಯನ್ನೇ ಕೇಳಬೇಡಿ ಎನ್ನುವ ನಮ್ಮ ಸಾಹಿತ್ಯದ ಬಳಗದ ಜೊತೆ ಇನ್ನೊಂದು.

ಮೊದಲು ಕೇಳುವವರ ವಿಷಯ. ಕಾಲೇಜು ಅಧ್ಯಾಪಕರ ಕೆಲಸವನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ಯುಜಿಸಿ 2010ರ ನಿಯಮಾವಳಿಯಲ್ಲಿ ತಂದಿತು. 2018ರಲ್ಲಿ ಅದನ್ನು ತಿದ್ದಿ ಬರೆಯಿತು. ಈ 2018ರ ಕೋಷ್ಟಕವನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಬೇಕು. ಅದರಲ್ಲಿ ಬೋಧನೆಯನ್ನು ಅಳೆಯುವುದು ಹೀಗೆ: ಹಂಚಿಕೆಯಾದ ತರಗತಿಗಳಲ್ಲಿ ಶೇ. 80 ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ 'ಉತ್ತಮ', 70ರಿಂದ 80ರ ಒಳಗಾದರೆ 'ತೃಪ್ತಿಕರ', 70ಕ್ಕಿಂತ ಕಡಿಮೆಯಾದರೆ ತೃಪ್ತಿಕರವಲ್ಲ. ಎಂದರೆ ಮೇಷ್ಟ್ರು ಕೋಣೆಗೆ ಬಂದರೋ ಇಲ್ಲವೋ ಎಂಬುದರ ಲೆಕ್ಕ. ಕೋಣೆಯಲ್ಲಿದ್ದವರಿಗೆ ಏನು ದಕ್ಕಿತು ಎಂಬ ಪ್ರಶ್ನೆ ಆ ಸಾಲಿನಲ್ಲಿ ಇಲ್ಲ.

ಸಂಶೋಧನೆಯ ಕೋಷ್ಟಕದಲ್ಲಿ ಭಾಷೆ ಮತ್ತು ಮಾನವಿಕ ವಿಷಯಗಳವರಿಗೆ ಒಂದು ಲೇಖನಕ್ಕೆ 10 ಅಂಕ. ಒಂದು ಇಡೀ ಪುಸ್ತಕವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ತಂದರೆ 8 ಅಂಕ. ಮರಾಠಿಯ ಒಂದು ಕಾದಂಬರಿಯನ್ನು ಎರಡು ವರ್ಷ ಕೂತು ಕನ್ನಡಕ್ಕೆ ತರುವವರು ನಮ್ಮ ಗಡಿಭಾಗದಲ್ಲಿ ಇದ್ದಾರೆ. ಅವರ ಕೆಲಸ ಎಂಟು ಪುಟದ ಒಂದು ಲೇಖನಕ್ಕಿಂತ ಎರಡು ಅಂಕ ಕಡಿಮೆ. ಹೀಗಿರುವಾಗ ಬುದ್ಧಿವಂತನಾದವನು ಏನು ಮಾಡುತ್ತಾನೆ? ಲೇಖನ ಬರೆಯುತ್ತಾನೆ. ಬರೆಯಲು ಬಾರದಿದ್ದರೆ ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಯನ್ನು ಹುಡುಕುತ್ತಾನೆ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಅಂಕ ಕೊಡುತ್ತೇವೆ ಎಂದ ಕಡೆ ಅಂಗಡಿ ತೆರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಇದು ನಮ್ಮ ದೇಶದ ಹಣೆಬರಹವಷ್ಟೇ ಅಲ್ಲ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಇಂಥದೇ ಲೆಕ್ಕಪರಿಶೋಧನೆ ಶುರುವಾದಾಗ ಮ್ಯಾರಿಲಿನ್ ಸ್ಟ್ರಾಥರ್ನ್ ಎಂಬ ಮಾನವಶಾಸ್ತ್ರಜ್ಞೆ 1997ರಲ್ಲಿ ಇದನ್ನು ಗುರುತಿಸಿದ್ದರು. ಅಳತೆಗೋಲನ್ನೇ ಗುರಿಯಾಗಿಸಿದರೆ ಅದು ಒಳ್ಳೆಯ ಅಳತೆಗೋಲಾಗಿ ಉಳಿಯುವುದಿಲ್ಲ ಎಂಬುದು ಅವರ ಮಾತಿನ ಸಾರ. ಪರೀಕ್ಷೆಯ ಅರ್ಜಿ ತುಂಬುವ ವಾರ ನಾನು ಮಾಡಿದ್ದು ಅದನ್ನೇ. ಫಲಿತಾಂಶ ಎಂಬುದು ನಾನು ಕಲಿಸಿದ್ದರ ಗುರುತಾಗಿರಬೇಕಿತ್ತು. ಅದು ನನ್ನ ಗುರಿಯಾದ ಕ್ಷಣ ಇಬ್ಬರು ಮಕ್ಕಳು ನನಗೆ ಅಡ್ಡಿಯಾಗಿ ಕಂಡರು.

ಇನ್ನು ಪುರಾವೆಯ ಕತೆ. ಒಂದು ಉಪನ್ಯಾಸ ನಡೆದಿದೆ ಎಂದು ತೋರಿಸಲು ಬ್ಯಾನರ್ ಬೇಕು, ಬ್ಯಾನರಿನ ಮುಂದೆ ನಿಂತ ಫೋಟೋ ಬೇಕು, ಆ ಫೋಟೋದ ಮೂಲೆಯಲ್ಲಿ ಅಕ್ಷಾಂಶ ರೇಖಾಂಶ ಸಹಿತ ಜಿಯೋ ಟ್ಯಾಗ್ ಬೇಕು. ನಾವು ಗೋಕಾಕ ಸೀಮೆಯಲ್ಲಿ ಯಾವ ಅಕ್ಷಾಂಶದಲ್ಲಿ ನಿಂತಿದ್ದೆವು ಎಂದು ಹೇಳುವ ಪುರಾವೆ ನಮ್ಮ ಬಳಿ ಬೇಕಾದಷ್ಟಿದೆ. ಅಲ್ಲಿ ನಿಂತು ಏನು ಹೇಳಿದೆವು ಎಂಬುದಕ್ಕೆ ಒಂದೂ ಇಲ್ಲ. ನನ್ನ ಐದನೆಯ ಸ್ಲೈಡಿನಲ್ಲಿ 'ವಿದ್ಯಾರ್ಥಿಗಳ ಅಭಿಪ್ರಾಯ 5ಕ್ಕೆ 4.6' ಎಂದಿತ್ತು. ಫಾರ್ಮ್ ತುಂಬಿದವರು 14 ಜನ. ಮೊಬೈಲಿನಲ್ಲಿ ಡೇಟಾ ಇದ್ದವರು, ಮೊದಲ ಬೆಂಚಿನವರು, ನನ್ನನ್ನು ಕಂಡರೆ ಆಗುವವರು. ಎಷ್ಟು ಜನ ತುಂಬಿದರು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಗೋಕಾಕ ಜಲಪಾತದ ಎತ್ತರ 52 ಮೀಟರ್. ಆ ಅಂಕಿ ಮಳೆಗಾಲದಲ್ಲೂ ನಿಜ, ಏಪ್ರಿಲಿನಲ್ಲೂ ನಿಜ. ಏಪ್ರಿಲಿನಲ್ಲಿ ಬಂದು ತೂಗುಸೇತುವೆಯ ಮೇಲೆ ನಿಂತವನಿಗೆ ಮಾತ್ರ ಬರಿಯ ಬಂಡೆ ಕಾಣುತ್ತದೆ. ಅಂಕಿ ನಿಜವಾದರೆ ಸಾಲದು, ಅದು ಯಾವಾಗಿನದು, ಎಷ್ಟರಲ್ಲಿ ಎಷ್ಟು ಎಂಬುದೂ ಜೊತೆಗೆ ಬರಬೇಕು.

ಇಲ್ಲಿಯವರೆಗೆ ಓದಿದ ನಮ್ಮ ಬಳಗದವರು ತಲೆದೂಗುತ್ತಿರಬಹುದು. ಅದಕ್ಕೇ ನೋಡಿ ನಾವು ಹೇಳುವುದು, ಸಾಹಿತ್ಯದ ಪಾಠವನ್ನು ಅಂಕಿಯಲ್ಲಿ ಹಿಡಿಯಲಾಗದು, ಒಂದು ಕವಿತೆ ಒಬ್ಬನ ಎದೆಯಲ್ಲಿ ಹತ್ತು ವರ್ಷದ ನಂತರ ಮೊಳೆಯಬಹುದು, ಅದಕ್ಕೆ ಯಾವ ಸ್ಲೈಡು ಎಂದು. ಈ ಮಾತನ್ನು ನಾನೂ ಎಷ್ಟೋ ಸಲ ಆಡಿದ್ದೇನೆ. ಕೇಳಲು ಚಂದ. ಈಗ ನನಗೆ ಇದರ ಮೇಲೆ ಗುಮಾನಿ ಬಂದಿದೆ.

ಹತ್ತು ವರ್ಷದ ನಂತರ ಮೊಳೆಯಬಹುದಾದ ಕವಿತೆಯ ನೆರಳಿನಲ್ಲಿ ಈ ವರ್ಷ ಒಂದು ಅರ್ಜಿ ಬರೆಯಲು ಬಾರದ ಮಕ್ಕಳು ಕೂತಿದ್ದಾರೆ. ಎಷ್ಟು ಜನ ಎಂದು ಕೇಳಿದರೆ ನಮಗೆ ಗೊತ್ತಿಲ್ಲ, ಯಾಕೆಂದರೆ ನಾವು ಎಣಿಸುವುದಿಲ್ಲ. ಎಣಿಸದಿರುವುದನ್ನು ನಾವು ಘನತೆ ಎಂದು ಕರೆದುಕೊಂಡಿದ್ದೇವೆ. ಹಸಿರು ಬಾಣದ ಹಿಂದೆ ನಾನು ಮರೆಮಾಚಿದ್ದು 11 ಜನರನ್ನು. ಅಳೆಯಲಾಗದು ಎಂಬ ಮಾತಿನ ಹಿಂದೆ ಇಡೀ ತರಗತಿಯನ್ನೇ ಮರೆಮಾಚಬಹುದು. ತುಂಬಿದ ಕೊಡ ತುಳುಕುವುದಿಲ್ಲ, ನಿಜ. ಖಾಲಿ ಕೊಡವೂ ತುಳುಕುವುದಿಲ್ಲ. ತುಳುಕದೆ ಇರುವುದೊಂದನ್ನೇ ನೋಡಿ ಕೊಡ ತುಂಬಿದೆ ಎಂದು ನಂಬುವುದು ಹೇಗೆ?

ಹಾಗಾಗಿ ಈ ವರ್ಷ ನಾನು ಪಿಪಿಟಿಯನ್ನು ಬಿಡಲಿಲ್ಲ, ಬದಲಿಸಿದೆ. ಹೇಗೆ ಎಂದು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ವಾದ ಇರುವುದು ವಿವರದಲ್ಲಿ.

ಸೆಮಿಸ್ಟರಿನ ಮೊದಲ ವಾರ ತರಗತಿಯಲ್ಲೇ 40 ನಿಮಿಷ ಕೊಟ್ಟು 'ನಮ್ಮೂರ ಸಂತೆ' ಎಂದು ಒಂದು ಪುಟ ಬರೆಯಿರಿ ಎಂದೆ. ಸೇರಿದ್ದವರು 62, ಅಂದು ಬಂದಿದ್ದವರು 56. ಮೊದಲೇ ಒಂದು ಅಳತೆ ಗೊತ್ತು ಮಾಡಿಕೊಂಡಿದ್ದೆ: ಕನಿಷ್ಠ 15 ಸಾಲು ಇರಬೇಕು, ವಾಕ್ಯಗಳು ಮುಗಿದಿರಬೇಕು, ಗೈಡಿನಿಂದ ಬಾಯಿಪಾಠ ಮಾಡಿದ ಸಾಲು ಇರಬಾರದು. ಕಾಗುಣಿತದ ತಪ್ಪಿಗೆ ಕಳೆಯಲಿಲ್ಲ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆದರೂ ಒಪ್ಪಿದೆ. ಆ ಅಳತೆ ಮುಟ್ಟಿದವರು 19 ಜನ. ಪದವಿಯ ಎರಡನೆಯ ವರ್ಷದಲ್ಲಿ 56ಕ್ಕೆ 19. ನನ್ನ ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಎಣಿಸಿದ ಮೊದಲ ಅರ್ಥವುಳ್ಳ ಅಂಕಿ ಅದು. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ವಾರಕ್ಕೊಂದು ಪುಟ ಬರೆಸಿದೆವು. ಬರೆಸಿದೆವು ಎಂದೆ, ಯಾಕೆಂದರೆ ಇಷ್ಟು ನೋಟುಬುಕ್ಕುಗಳನ್ನು ಒಬ್ಬನೇ ತಿದ್ದಲಾಗದು. ಒಂದು ಪುಟಕ್ಕೆ ಹತ್ತು ನಿಮಿಷವೆಂದರೂ ವಾರಕ್ಕೆ ಎಂಟು ತಾಸು. ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿಯೊಬ್ಬರು ಅರ್ಧ ಕಟ್ಟು ಹೊತ್ತುಕೊಂಡು ಹೋಗಿ ಮೂಡಲಗಿಯ ಬಸ್ಸಿನಲ್ಲಿ ಕೂತು ತಿದ್ದಿದರು. ತಿದ್ದುವುದೆಂದರೆ ಕೆಂಪು ಗೀಟು ಹಾಕುವುದಲ್ಲ. ಒಂದು ಪುಟಕ್ಕೆ ಒಂದೇ ತಪ್ಪನ್ನು ಆರಿಸಿ, ಅದನ್ನು ಹೇಗೆ ಸರಿಮಾಡುವುದು ಎಂದು ಅಂಚಿನಲ್ಲಿ ಬರೆಯುವುದು. ಮುಂದಿನ ವಾರ ಆ ಒಂದು ತಪ್ಪು ಇದೆಯೋ ಹೋಗಿದೆಯೋ ಎಂದು ಮಾತ್ರ ನೋಡುವುದು. ಈ ಉಪಾಯ ಅವರದು, ನನ್ನದಲ್ಲ.

ಕೊನೆಯ ವಾರ ಮತ್ತೆ 40 ನಿಮಿಷ, ಮತ್ತೆ ಒಂದು ಪುಟ, ಈ ಸಲ 'ನಮ್ಮೂರ ಜಾತ್ರೆ'. ಬಂದವರು 47. ಆ ಹಾಳೆಗಳನ್ನು ಇಬ್ಬರೂ ಬೇರೆ ಬೇರೆಯಾಗಿ, ಹೆಸರು ಮಡಚಿಟ್ಟು ನೋಡಿದೆವು. ಅಳತೆ ಮುಟ್ಟಿದ್ದಾರೆ ಎಂದು ಇಬ್ಬರೂ ಒಪ್ಪಿದ್ದು 33. ಇನ್ನೂ ಐದು ಹಾಳೆಗಳ ಬಗ್ಗೆ ನಮ್ಮಲ್ಲಿ ತಕರಾರು ಬಂತು, ಅವನ್ನು ಬಿಟ್ಟೆವು.

ಈಗ ಸ್ಲೈಡು ಬರೆಯುವ ಹೊತ್ತು. ಹಳೆಯ ಚಟ ಎಲ್ಲಿ ಹೋಗುತ್ತದೆ? 56ಕ್ಕೆ 19 ಎಂದರೆ ಶೇ. 34, 47ಕ್ಕೆ 33 ಎಂದರೆ ಶೇ. 70, ಎರಡು ಪಟ್ಟಿಗೂ ಹೆಚ್ಚು ಎಂದು ಕೈ ತಾನೇ ಬರೆಯತೊಡಗಿತು. ಆದರೆ ಕೊನೆಗೆ ಬಾರದಿದ್ದ ಒಂಬತ್ತು ಜನ ಯಾರು ಎಂದು ನೋಡಿದರೆ, ಅವರಲ್ಲಿ ಒಬ್ಬರೂ ಮೊದಲ ಸಲ ಅಳತೆ ಮುಟ್ಟಿದವರಲ್ಲ. ಬರೆಯಲು ಬಾರದವರೇ ಬಿಟ್ಟುಹೋಗಿದ್ದರು. ಅವರು ಹೋದದ್ದರಿಂದ ಏರಿದ ಅಂಕಿಯನ್ನು ನನ್ನ ಕಲಿಸುವಿಕೆಯ ಫಲ ಎಂದು ಬರೆದರೆ ಹೋದ ವರ್ಷದ ಆಟವೇ ಮತ್ತೆ. ಎರಡೂ ಸಲ ಬರೆದ ಅದೇ 47 ಜನರನ್ನು ಮಾತ್ರ ಹಿಡಿದೆ. ಮೊದಲು 19, ಕೊನೆಗೆ 33. ಶೇ. 40ರಿಂದ 70. ಕೆಳಗೆ ಇನ್ನೊಂದು ಸಾಲು: ಸೇರಿದ 62ರಲ್ಲಿ 33, ಎಂದರೆ ಶೇ. 53. ಅದರ ಕೆಳಗೆ: ಅರ್ಧ ತಿದ್ದಿದವರು, ಒಂದೇ ತಪ್ಪಿನ ಉಪಾಯ ಕೊಟ್ಟವರು ಇಂಥವರು ಎಂದು ಅತಿಥಿ ಉಪನ್ಯಾಸಕಿಯ ಹೆಸರು. ಪುರಾವೆಯಾಗಿ ಬ್ಯಾನರಿನ ಫೋಟೋ ಇಲ್ಲ, ಒಬ್ಬ ಹುಡುಗನ ಒಪ್ಪಿಗೆ ಪಡೆದು ಅವನ ಮೊದಲ ಹಾಳೆ ಮತ್ತು ಕೊನೆಯ ಹಾಳೆ ಅಕ್ಕಪಕ್ಕ. ಮೊದಲ ಹಾಳೆಯಲ್ಲಿ ನಾಲ್ಕು ಸಾಲು. ಕೊನೆಯದರಲ್ಲಿ ಜಾತ್ರೆಯಲ್ಲಿ ಕಳೆದುಹೋದ ತನ್ನ ತಂಗಿಯನ್ನು ಹುಡುಕಿದ ಒಂದೂವರೆ ಪುಟ.

ಇನ್ನೊಂದು ಸ್ಲೈಡಿಗೆ 'ಆಗದ್ದು' ಎಂದು ಹೆಸರಿಟ್ಟೆ. ಈ ವರ್ಷ ಯಾರಿಗೂ ಪರೀಕ್ಷೆ ಬೇಡ ಎನ್ನಲಿಲ್ಲ. 62ರಲ್ಲಿ 55 ಜನ ಕೂತರು, 45 ಪಾಸಾದರು. ಕೂತವರ ಲೆಕ್ಕದಲ್ಲಿ ಶೇ. 91ರಿಂದ 82ಕ್ಕೆ ಇಳಿದಿದೆ. ಸೇರಿದವರ ಲೆಕ್ಕದಲ್ಲಿ 75ರಿಂದ 73ಕ್ಕೆ. ನೋಟುಬುಕ್ಕಿನ ಕೆಲಸ ಫಲಿತಾಂಶವನ್ನು ಏರಿಸಲಿಲ್ಲ ಎಂದು ಸ್ಪಷ್ಟವಾಗಿ ಬರೆದೆ. ಜೊತೆಗೆ, ವಾರಕ್ಕೊಂದು ಪುಟ ಬರೆಸದೆ ಬಿಟ್ಟ ಇನ್ನೊಂದು ತರಗತಿಯನ್ನು ಹೋಲಿಸಿ ನೋಡಿಲ್ಲವಾದ್ದರಿಂದ, ಆ 14 ಜನರ ಸುಧಾರಣೆ ಪೂರ್ತಿ ನಮ್ಮಿಂದಲೇ ಆಯಿತು ಎನ್ನಲು ಬರುವುದಿಲ್ಲ ಎಂದೂ ಬರೆದೆ.

ಮಂಡಳಿಯ ಮುಂದೆ ನಿಂತಾಗ ಹೋದ ವರ್ಷ ಮೇಜು ತಟ್ಟಿದ ಹಿರಿಯರೇ ಕೇಳಿದರು: "ಹ್ವಾದ ವರ್ಷ 91 ಇತ್ತಲ್ರೀ ಮಾಸ್ತರ, ಯಾಕ ಇಳೀತು?" ಕೂತವರು, ಸೇರಿದವರು ಎಂಬ ವ್ಯತ್ಯಾಸವನ್ನು ಹೇಳಿದೆ. ಇಬ್ಬರನ್ನು ನಾನೇ ತಡೆದಿದ್ದನ್ನೂ ಹೇಳಿದೆ. ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಮುಂದಿನವರನ್ನು ಕರೆಯಿರಿ ಎಂದರು. ಈ ಸಲ ನನ್ನ ಶ್ರೇಣಿ 'ಉತ್ತಮ'. ಒಂದು ಮೆಟ್ಟಿಲು ಕೆಳಗೆ. ಪ್ರಾಮಾಣಿಕತೆಗೆ ತಕ್ಷಣ ಫಲವಿದೆ ಎಂದು ಹೇಳಿ ಯಾರನ್ನೂ ನಂಬಿಸಲಾರೆ.

ಹೊರಗೆ ಬಂದಾಗ ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರು ಸಿಟ್ಟಿನಲ್ಲಿದ್ದರು. "ನೀವು ಕೆಳಗ 62 ಅಂತ ಬರದ್ರಿ. ನಾಳೆ ನಮಗೂ ಕೇಳ್ತಾರ್ರೀ, ಸೇರಿದವ್ರು ಎಷ್ಟ ಮಂದಿ ಅಂತ." ಅವರ ಸಿಟ್ಟು ನ್ಯಾಯವಾದದ್ದೇ. ಕಬ್ಬಿನ ಹಂಗಾಮು, ಬಾರದ ಬಸ್ಸು, ಬೇಗ ಆಗುವ ಮದುವೆ, ಇವುಗಳ ಭಾರವನ್ನು ಮೇಷ್ಟ್ರ ತಲೆಗೆ ಕಟ್ಟಬಾರದು. ಆದರೆ ಕೆಳಗಿನ ಅಂಕಿಯನ್ನು ಬರೆಯದೆ ಇದ್ದರೆ ಆ ಹಂಗಾಮು, ಆ ಬಸ್ಸು, ಆ ಮದುವೆ ಯಾವ ಕಾಗದದ ಮೇಲೂ ಬರುವುದೇ ಇಲ್ಲ. ಕಾಲೇಜಿಗೆ 62 ಜನ ಸೇರಿ 55 ಜನ ಪರೀಕ್ಷೆ ಬರೆದರು ಎಂದರೆ ಏಳು ಜನ ಎಲ್ಲಿ ಎಂಬ ಪ್ರಶ್ನೆ ಮಂಡಳಿಯದೂ ಆಗಬೇಕು. ನಾವು 55ರಿಂದಲೇ ಲೆಕ್ಕ ಶುರು ಮಾಡುವವರೆಗೂ ಅವರು ಅದನ್ನು ಕೇಳಬೇಕಾದ ಅಗತ್ಯವೇ ಬೀಳುವುದಿಲ್ಲ.

ಕರದಂಟಿನ ಅಂಗಡಿಯ ಹುಡುಗಿ ಈ ವರ್ಷ ಅರ್ಜಿ ತುಂಬಿದಳು, ಪರೀಕ್ಷೆ ಬರೆದಳು, ಒಂದು ವಿಷಯ ಬಿಟ್ಟು ಉಳಿದದ್ದೆಲ್ಲ ಪಾಸು ಮಾಡಿದಳು. ಕನ್ನಡದಲ್ಲಿ 61 ಅಂಕ. ಹಿಂದಿನ ವರ್ಷದ ತರಗತಿಯವಳಾದ್ದರಿಂದ ಆಕೆ ನನ್ನ 62ರಲ್ಲಿ ಇಲ್ಲ, 55ರಲ್ಲೂ ಇಲ್ಲ, 45ರಲ್ಲೂ ಇಲ್ಲ. ಬಾಕಿ ವಿಷಯ ಬರೆದವರನ್ನು ಎಣಿಸುವ ಸಾಲು ನಮ್ಮ ಪಿಪಿಟಿಯ ಮಾದರಿಯಲ್ಲೇ ಇಲ್ಲ. ಬರುವ ಮೇ ತಿಂಗಳಿಗೆ ಅದೊಂದು ಸಾಲು ಸೇರಿಸಿ ಎಂದು ಮಂಡಳಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.